ಹೆಗಲ ಹೊಲಿಗೆ

ನನ್ನ ಗುಂಡಿ-ದಾರದ ಅಂಗಡಿಯ ಪಕ್ಕದ ದರ್ಜಿಗೆ ಬೀದಿಯಲ್ಲೆಲ್ಲ ‘ಇಂಚುಪಟ್ಟಿ’ ಎಂದೇ ಹೆಸರು. ಅವನ ಕೊರಳಿನಿಂದ ಟೇಪು ಇಳಿದದ್ದನ್ನು ಹೆತ್ತ ತಾಯಿಯೂ ಕಂಡಿರಲಿಕ್ಕಿಲ್ಲ. ನಲವತ್ತು ದಾಟಿದ ಮೇಲೆ ಅವನಿಗೊಂದು ಜೊತೆ ಕುದುರುವ ಲಕ್ಷಣ ಕಂಡಿತು. ಎದುರು ಸಾಲಿನ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವಾಕೆ. ಕೆಲವು ವಾರಗಳಿಂದ ಫೋನಿನಲ್ಲಿ ಮಾತು ನಡೆದಿತ್ತು. ಗುಂಡಿ ತೂರುವ ಕಾಜಾ ಹೊಲಿಯುತ್ತ ಇವನು ಒಬ್ಬನೇ ನಗುವಷ್ಟಕ್ಕೆ ವ್ಯವಹಾರ ಮುಂದುವರಿದಿತ್ತು.

ಒಂದು ಮಧ್ಯಾಹ್ನ ಆಕೆ ತನ್ನ ಗೆಳತಿಯನ್ನು ಪರಿಚಯಿಸಲು ಕರೆತಂದಳು. ಇವನ ಕಣ್ಣು ಗೆಳತಿಯನ್ನು ಬಿಟ್ಟು ನೇರ ಕನ್ನಡಕದಂಗಡಿಯಾಕೆಯ ಕೋಟಿನ ಹೆಗಲಿಗೆ ಹೋಯಿತು.

“ಇದ್ಯಾವ ಪುಣ್ಯಾತ್ಮ ಹೊಲಿದದ್ದು? ಎಡಗಡೆ ಜಾರ್ತಿದೆಯಲ್ಲ!” ಎನ್ನುತ್ತ ಹೊಲಿಗೆಯನ್ನು ಚಿವುಟಿ ಹಿಡಿದು, ಗೆಳತಿಯ ಕಡೆ ನೋಡಿ ನಕ್ಕ.

“ನಾನೇ,” ಎಂದಳು ಆಕೆ. ಸ್ವಲ್ಪ ಹೊತ್ತಿಗೇ ಇಬ್ಬರೂ ಹೊರಟುಹೋದರು.

ಸಂಜೆ ಫೋನು ಮಾಡಿದರೆ ಆಕೆ ಎತ್ತಲಿಲ್ಲ. “ತಮಾಷೆಗೆ ಅಂದದ್ದು” ಎಂದು ಸಂದೇಶ ಕಳಿಸಿದ. ಉತ್ತರವಿಲ್ಲ. “ಇಷ್ಟಕ್ಕೆಲ್ಲ ಕೋಪಾನಾ?” ಎಂದು ಇನ್ನೊಂದು. ಬೆಂಕಿಗೆ ತುಪ್ಪ. ಮರುದಿನ ಮೂರನೆಯದನ್ನು ಕಳಿಸುವ ಮುಂಚೆ ನನಗೆ ತೋರಿಸಿದ. ತೋಳು-ಹೆಗಲು ಕೂಡಿಸುವ ಕ್ರಮದ ಮೇಲೆ ಪ್ರಬಂಧ!

“ಮಾರಾಯ, ಗಿರಾಕಿ ಮಾಲು ವಾಪಸ್ ತಂದರೆ ಮೊದಲು ಕೈಗೆ ತಗೋಬೇಕು. ಅದನ್ನು ನೇಯ್ದ ಮಗ್ಗದ ಕಥೆ ಹೇಳಬಾರದು,” ಎಂದೆ.

“ಆದ್ರೆ ಅಣ್ಣ, ಹೆಗಲು ಜಾರ್ತಿದ್ದದ್ದು ನಿಜ.”

“ಹಾಗಾದ್ರೆ ಆ ನಿಜವನ್ನೇ ಕಟ್ಕೊಂಡು ಬಾಳು.”

ಕಿವಿ ಕೆಂಪಗೆ ಮಾಡಿಕೊಂಡು ಎಲ್ಲ ಅಳಿಸಿದ. “ನನ್ನದು ತಪ್ಪಾಯ್ತು. ನಿಮಗೆ ಅನುಕೂಲ ಆದಾಗ ಮಾತಾಡಬಹುದಾ?” ಎಂದಷ್ಟೇ ಬರೆದ. “ನಾಳೆ ಸಂಜೆ ಬರ್ತೀನಿ” ಎಂದು ಉತ್ತರ ಬಂತು. ಅಲ್ಲಿಯವರೆಗೆ ಮತ್ತೆ ಬರೆಯದಂತೆ ಅವನನ್ನು ಕಾಯುವುದೇ ನನ್ನ ಕೆಲಸವಾಯಿತು.

ಆಕೆ ಬಂದಾಗ ನಾನು ನನ್ನಂಗಡಿಯ ಷಟರು ಅರ್ಧ ಎಳೆದಿದ್ದೆ. ಕಿವಿಗೆ ಷಟರಿಲ್ಲವಲ್ಲ.

“ನಿಮ್ಮ ಗೆಳತಿ ಎದುರಿಗೆ ನಿಮ್ಮ ಹೊಲಿಗೇನ ಆಡ್ಕೊಂಡೆ,” ಎಂದ ಇವನು, ನೆಲ ನೋಡುತ್ತ. “ಕೇಳದೆ ಮೈಮೇಲಿನ ಬಟ್ಟೆಗೆ ಕೈ ಹಾಕಿದೆ. ಆಮೇಲೆ ತಪ್ಪನ್ನ ನಿಮ್ಮ ಕೋಪದ ಮೇಲೇ ಹೊರಿಸಿದೆ. ಕ್ಷಮಿಸಿ.” ‘ಆದ್ರೆ’ ಎನ್ನಲು ಬಾಯಿ ತೆರೆದವನು ಮುಚ್ಚಿಕೊಂಡ.

“ಹೆಗಲು ಜಾರಿದ್ದು ನಂಗೂ ಗೊತ್ತು. ನಿಮ್ಮನ್ನೇ ಕೇಳೋಣ ಅಂತಿದ್ದೆ. ನೀವೆಷ್ಟು ಒಳ್ಳೆಯವರು ಅಂತ ದಾರಿಯುದ್ದಕ್ಕೂ ಅವಳ ಹತ್ರ ಹೊಗಳ್ತಾ ಬಂದೆ. ನೀವು ಅವಳನ್ನೇ ನೋಡಿ ನಕ್ಕಿರಿ.”

ಇವನು ಕೊರಳಿನ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡ.

“ನಾನೂ ಆಗ್ಲೇ ಹೇಳಬೇಕಿತ್ತು,” ಎಂದಳು ಆಕೆ, ಸ್ವಲ್ಪ ಮೆತ್ತಗೆ. “ಫೋನು ಎತ್ತದೆ ಕೂತದ್ದು ಸರಿಯಲ್ಲ. ಇನ್ಮೇಲೆ ಬೇಜಾರಾದ್ರೆ ಅಲ್ಲೇ ಹೇಳ್ತೀನಿ.”

“ಹೇಳಿ. ತಮಾಷೆ ಅಂತ ತೇಲಿಸಲ್ಲ.”

“ಒಂದೆರಡು ದಿನ ಬಿಡಿ. ನಾನೇ ಫೋನು ಮಾಡ್ತೀನಿ.”

“ಖಂಡಿತಾನಾ?” ಎಂದು ಅವನು ಕೇಳಲಿಲ್ಲ. ಅಷ್ಟರ ಮಟ್ಟಿಗೆ ಬುದ್ಧಿ ಬಂದಿತ್ತು.

ಆಕೆ ಹೋದ ಮೇಲೆ ಅವನ ಅಂಗಡಿಯೊಳಗೆ ಹೋಗಿ, “ಗೆದ್ದೆಯಲ್ಲೋ!” ಎಂದೆ. ಅವನು ತಲೆ ಎತ್ತಲಿಲ್ಲ.

“ದಾರಿಯುದ್ದಕ್ಕೂ ಹೊಗಳಿದ್ರಂತೆ, ಅಣ್ಣ.”