ಕ್ಯೂಬಿಗೊಂದು ಮುಷ್ಟಿ ಜಾಸ್ತಿ

ಪುಣೆಯ ವಿಮಾನ ನಗರದ ಪಕ್ಕದಲ್ಲಿ ಏಳುತ್ತಿದ್ದ ಒಂದು ವಸತಿ ಕಟ್ಟಡದಲ್ಲಿ ನಾನು ಎರಡು ವರ್ಷ ಕಾಂಕ್ರೀಟಿನ ಗುಣಮಟ್ಟ ನೋಡುವ ಎಂಜಿನಿಯರ್ ಆಗಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಧಾರವಾಡದಲ್ಲಿ ಅದನ್ನು ಸಹಿಸಿದ್ದು ನನ್ನ ಅವ್ವ, ಪುಣೆಯಲ್ಲಿ ಸಹಿಸಿದ್ದು ಮಿಕ್ಸರ್ ಗಾಡಿಯ ಡ್ರೈವರುಗಳು.

ಗಾಡಿ ಗೇಟಿಗೆ ಬಂದ ಕೂಡಲೇ ಒಂದಿಷ್ಟು ಮಾಲು ಇಳಿಸಿಕೊಂಡು, ಬುಡಮೇಲಾದ ಲೋಟದಂಥ ಕಬ್ಬಿಣದ ಅಚ್ಚಿಗೆ ಮೂರು ಪದರಾಗಿ ತುಂಬುತ್ತಿದ್ದೆ. ಪದರಿಗೆ ಇಪ್ಪತ್ತೈದು ಸಲ ಸರಳಿನಿಂದ ಚುಚ್ಚಿ, ಮೇಲೆ ಸಮ ಮಾಡಿ, ಅಚ್ಚನ್ನು ನೆಟ್ಟಗೆ ಎತ್ತಿಬಿಟ್ಟರೆ ಒಳಗಿನ ರಾಶಿ ಕುಸಿಯುತ್ತದೆ. ಎಷ್ಟು ಕುಸಿಯಿತೋ ಅದೇ ಸ್ಲಂಪ್. ನಮಗೆ ನೂರಾ ಇಪ್ಪತ್ತು ಮಿಲಿಮೀಟರ್ ಬೇಕು, ಇಪ್ಪತ್ತೈದು ಆಚೀಚೆ ನಡೆಯುತ್ತದೆ. ಅದಕ್ಕಿಂತ ಹೆಚ್ಚು ಕುಸಿದರೆ ದಾರಿಯಲ್ಲಿ ಯಾರೋ ಪೈಪು ಹಿಡಿದು ನೀರು ಬಿಟ್ಟಿದ್ದಾರೆಂದೇ ನನ್ನ ತೀರ್ಮಾನ. ಗಾಡಿ ಬಂದ ದಾರಿಗೆ ಸುಂಕವಿಲ್ಲದೆ ವಾಪಸ್ಸು ಹೋಗುತ್ತಿತ್ತು. ಡ್ರೈವರುಗಳು ನನಗೆ ‘ವಾಪಸ್ ಬಾಯಿ’, ಅಂದರೆ ವಾಪಸ್ ಕಳಿಸುವ ಹೆಂಗಸು, ಎಂದು ಹೆಸರಿಟ್ಟಿದ್ದರು. ಗೊತ್ತಾದ ದಿನ ನನಗೆ ಖುಷಿಯೇ ಆಯಿತು.

ಗಾಡಿ ಪಾಸಾದ ಮೇಲೆ ಅದೇ ಮಾಲಿನಿಂದ ಆರು ಕ್ಯೂಬು ತುಂಬಬೇಕು. ಹದಿನೈದು ಸೆಂಟಿಮೀಟರಿನ ಚೌಕ ಅಚ್ಚುಗಳು. ಮರುದಿನ ಬಿಚ್ಚಿ, ನಂಬರ್ ಬರೆದು, ನೀರಿನ ತೊಟ್ಟಿಯಲ್ಲಿ ಮುಳುಗಿಸಿಡುವುದು. ಏಳನೆಯ ದಿನ ಮೂರನ್ನು, ಇಪ್ಪತ್ತೆಂಟನೆಯ ದಿನ ಉಳಿದ ಮೂರನ್ನು ಲ್ಯಾಬಿನಲ್ಲಿ ಒತ್ತಿ, ಎಷ್ಟು ಬಲಕ್ಕೆ ಒಡೆಯುತ್ತದೆಂದು ನೋಡುತ್ತಾರೆ. ಈ ಕೆಲಸ ನಮ್ಮ ಫೋರ್‌ಮನ್ ಕಾಕಾನದು. ಬೆಳಗಾವಿ ಕಡೆಯವರು, ಐವತ್ತು ದಾಟಿದವರು, ಕಾಂಕ್ರೀಟಿನಲ್ಲೇ ಕೂದಲು ಬೆಳ್ಳಗಾದವರು. ಪದರಿಗೆ ಮೂವತ್ತೈದು ಏಟು ಎಣಿಸುವಾಗ ತಲೆ ಮೇಲೆ ವಿಮಾನ ಹಾರಿ ಲೆಕ್ಕ ತಪ್ಪಿದರೆ ಮತ್ತೆ ಒಂದರಿಂದ ಶುರು ಮಾಡುವಷ್ಟು ನಿಯತ್ತು. ಮೊದಲ ವಾರ ನಾನು ಪಕ್ಕದಲ್ಲೇ ನಿಂತು ನೋಡಿದೆ. ಆಮೇಲೆ ಕ್ಯೂಬಿನ ಹೊತ್ತಿಗೆ ಸರಿಯಾಗಿ ಕಾಕಾ ನನಗೆ, ಬೆಳಗಿನಿಂದ ನಿಂತೇ ಇದ್ದೀರಿ, ನೆರಳಿಗೆ ಹೋಗಿ ಚಹಾ ಕುಡಿಯಿರಿ ಎನ್ನತೊಡಗಿದರು. ಇಂಥ ಮಾತನ್ನು ನಾನು ಎರಡು ಸಲ ಹೇಳಿಸಿಕೊಳ್ಳುವವಳಲ್ಲ. ಚಹಾ ಮುಗಿಸಿ ಬಂದು ರಿಜಿಸ್ಟರಿನಲ್ಲಿ ‘ನನ್ನ ಎದುರಿಗೆ ತುಂಬಿದ್ದು’ ಎಂಬ ಕಡೆ ಸಹಿ ಹಾಕುತ್ತಿದ್ದೆ.

ರಿಸಲ್ಟು ಮಾತ್ರ ಭರ್ಜರಿ. ಮೂವತ್ತು ಬಲ ಬಂದರೆ ಸಾಕಿದ್ದ ಕಾಂಕ್ರೀಟು ಐವತ್ತೆರಡು, ಐವತ್ತನಾಲ್ಕು, ಐವತ್ತಮೂರು ಕೊಡುತ್ತಿತ್ತು. ಇದೆಲ್ಲ ಡ್ರೈವರುಗಳ ಮೇಲೆ ನಾನು ಇಟ್ಟ ಹಿಡಿತದ ಫಲವೆಂದು ನಂಬಿದ್ದೆ. ಮನೆಯಲ್ಲಿ ಅತ್ತೆಯವರಿಗೂ ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ಅವತ್ತು ಸಜ್ಜಿಗೆ ಮಾಡಿದರು.

ಹೀಗೆ ನಾನು ಉಬ್ಬಿ ಕೂತಿರುವಾಗ ಕಟ್ಟಡದ ಸ್ಟ್ರಕ್ಚರಲ್ ಕನ್ಸಲ್ಟಂಟ್ ಬಂದರು. ತೆಳ್ಳಗಿನ ಮರಾಠಿ ಗೃಹಸ್ಥರು, ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ. ಕಾಂಕ್ರೀಟು ಕಳಿಸುವ ಪ್ಲಾಂಟಿನವರೂ ತಮ್ಮ ಕಡೆ ಕ್ಯೂಬು ತುಂಬುತ್ತಾರೆ. ಆರನೆಯ ಸ್ಲ್ಯಾಬಿಗೆ ಬಂದ ಒಂದೇ ಗಾಡಿಯ ಮಾಲಿಗೆ ಅವರ ರಿಪೋರ್ಟು ಮೂವತ್ತೇಳು, ನಮ್ಮದು ಐವತ್ತಮೂರು. ಎರಡು ಹಾಳೆಯನ್ನೂ ಪಕ್ಕಪಕ್ಕ ಇಟ್ಟು, ದಾರಿಯಲ್ಲಿ ಕಾಂಕ್ರೀಟು ಬಾದಾಮಿ ಹಾಲು ಕುಡಿದು ಬಂತೇನು ಎಂದು ಮರಾಠಿಯಲ್ಲಿ ಕೇಳಿದರು. ಎಲ್ಲರೂ ನಕ್ಕರು. ಅವರು ನಗಲಿಲ್ಲ. ನಿಮ್ಮ ಕ್ಯೂಬುಗಳನ್ನು ನಂಬುವಂತಿಲ್ಲ, ಸ್ಲ್ಯಾಬಿನಲ್ಲಿ ನಿಜಕ್ಕೂ ಏನಿದೆ ಎಂದು ತಿಳಿಯುವ ತನಕ ಅದರ ಮೇಲೆ ಏನೂ ಕಟ್ಟುವಂತಿಲ್ಲ ಎಂದರು. ಆಮೇಲೆ ರಿಜಿಸ್ಟರಿನ ಮೇಲೆ ಬೆರಳಿಟ್ಟು, ಈ ಸಹಿ ಯಾರದು ಎಂದರು.

ಪ್ಲಾಂಟಿನವರೇ ಸುಳ್ಳರು ಎಂದು ನಾನು ಜಗಳ ತೆಗೆದೆ. ಆದರೆ ಕ್ಯೂಬು ತುಂಬುವುದನ್ನು ನಾನು ನೋಡಿಯೇ ಬಹಳ ದಿನವಾಗಿತ್ತು. ಮರುದಿನ ಇನ್ನೊಂದು ವಿಂಗ್‌ನಲ್ಲಿ ಕಾಂಕ್ರೀಟು ನಡೆದಿತ್ತು. ಚಹಾಕ್ಕೆ ಹೊರಟವಳಂತೆ ಹೊರಟು ಸರಳಿನ ರಾಶಿಯ ಹಿಂದೆ ನಿಂತೆ. ಕಾಕಾ ಆಚೀಚೆ ನೋಡಲಿಲ್ಲ, ಕದಿಯುವವರ ಅವಸರವೂ ಇರಲಿಲ್ಲ. ಪ್ಲಾಸ್ಟರಿನವರ ಸಿಮೆಂಟಿನ ಚೀಲಕ್ಕೆ ಕೈಹಾಕಿ, ಕ್ಯೂಬಿಗಿಷ್ಟು ಎಂದು ಮುಷ್ಟಿ ಮುಷ್ಟಿ ತೆಗೆದು ತಟ್ಟೆಯಲ್ಲಿದ್ದ ಮಾಲಿಗೆ ಉದುರಿಸಿ, ರೊಟ್ಟಿ ಹಿಟ್ಟು ಕಲಸುವಷ್ಟು ಆಸ್ಥೆಯಿಂದ ಕಲಸಿದರು.

ಅಲ್ಲಿಂದ ಹಾರಿ ಬಂದು ಏನೇನು ಅಂದೆನೋ ನೆನಪಿಲ್ಲ.

“ಪರೀಕ್ಷಾಕ್ಕ ಹೋಗು ಕೂಸರಿ ಅಕ್ಕಾರ. ಉಪಾಸ ಕಳಸೂದೇನು?” ಎಂದರು ಕಾಕಾ.

ಯಾರೂ ಅವರಿಗೆ ಹೀಗೆ ಮಾಡೆಂದು ಹೇಳಿರಲಿಲ್ಲ. ಇಷ್ಟು ವರ್ಷ ಕಟ್ಟಿದ ಪ್ರತಿ ಕಟ್ಟಡದಲ್ಲೂ ಇದೇ ಪ್ರೀತಿ ಮಾಡಿಕೊಂಡು ಬಂದಿದ್ದರು.

“ಕೂಸಲ್ಲರೀ ಕಾಕಾ, ಇದು ಸ್ಲ್ಯಾಬಿನ ರಕ್ತ,” ಎಂದೆ. “ಬ್ಯಾನಿ ಒಬ್ಬರದು, ದವಾಖಾನಿ ತಪಾಸಣಿಗೆ ರಕ್ತ ಕೊಟ್ಟವರು ಇನ್ನೊಬ್ಬರು. ಹಂಗಾತಿದು.”

ಕಾಕಾ ತಟ್ಟೆಯ ಮಾಲನ್ನು ಆಚೆ ಚೆಲ್ಲಿ, ಬೂದುಬಣ್ಣದ ಅಂಗೈ ತೊಳೆದುಕೊಂಡರು.

ನೋಡದೆ ಸಹಿ ಹಾಕಿದ್ದು ನಾನು. ಕನ್ಸಲ್ಟಂಟರ ಮುಂದೆ ಹೋಗಿ ಅಷ್ಟನ್ನೂ ಒಪ್ಪಿಕೊಂಡೆ. ನನಗೆ ನಾಚಿಕೆಯಾಗಿತ್ತು. ಅವರು ಬೈದಿದ್ದರೆ ಹಗುರಾಗುತ್ತಿತ್ತೇನೋ, ಅವರೋ ಬಹುವಚನದಲ್ಲೇ ಮಾತಾಡಿದರು. ಆರನೆಯ ಸ್ಲ್ಯಾಬಿನಿಂದ ಮೂರು ಕೋರ್ ತೆಗೆಯಲು ಹೇಳಿದರು. ಸರಳು ಸಿಗದ ಜಾಗ ಗುರುತಿಸಿ, ಯಂತ್ರದಿಂದ ಕೊರೆದು, ಉದ್ದುದ್ದ ತುಂಡು ಹೊರತೆಗೆದು ಲ್ಯಾಬಿನಲ್ಲಿ ಒಡೆಯುವುದು. ಮೂರರ ಸರಾಸರಿ ಬೇಕಾದ ಬಲದ ನೂರಕ್ಕೆ ಎಂಬತ್ತೈದರಷ್ಟು ಇರಬೇಕು, ಯಾವ ಒಂದೂ ಎಪ್ಪತ್ತೈದಕ್ಕಿಂತ ಕೆಳಗಿಳಿಯಬಾರದು. ಇಳಿದರೆ ಸ್ಲ್ಯಾಬಿನ ಗತಿ ಏನೋ, ನನ್ನ ನೌಕರಿಯ ಗತಿಯಂತೂ ಗೊತ್ತಿತ್ತು. ಯಂತ್ರ ಕೊರೆಯುತ್ತಿರುವಾಗ ಕಾಕಾ ತಮ್ಮದೇ ಹಲ್ಲು ಕೀಳಿಸಿಕೊಳ್ಳುವವರಂತೆ ದವಡೆ ಹಿಡಿದು ನಿಂತಿದ್ದರು.

ನಾಲ್ಕು ದಿನ ನನಗೆ ಅನ್ನ ಸೇರಲಿಲ್ಲ. ಐದನೆಯ ದಿನ ರಿಪೋರ್ಟು ಬಂತು. ಮೂವತ್ತೊಂದು, ಮೂವತ್ತಮೂರು, ಮೂವತ್ತೆರಡು. ಯಾರ ಮುಷ್ಟಿಯ ಹಂಗೂ ಇಲ್ಲದೆ ಸ್ಲ್ಯಾಬು ತನ್ನಷ್ಟಕ್ಕೆ ತಾನೇ ಪಾಸಾಗಿತ್ತು. ಇನ್ನು ಮುಂದೆ ಕ್ಯೂಬು ತುಂಬಿ ಮುಗಿಯುವ ತನಕ ನಾನು ಅಲ್ಲಿಂದ ಕದಲಬಾರದೆಂದು ಆಜ್ಞೆಯಾಯಿತು. ಕಾಕಾನ ಕೆಲಸ ಉಳಿಯಿತು.

ಸೈಟಿಗೆಲ್ಲ ಪೇಢೆ ಹಂಚಿದೆ. ಕಾಕಾ ಮಾತ್ರ ಪೇಢೆಯನ್ನು ಕೈಯಲ್ಲೇ ಹಿಡಿದು ಕೂತಿದ್ದರು. ತಮ್ಮ ಸೇವೆ ಇಲ್ಲದೆಯೂ ಕಾಂಕ್ರೀಟು ಪಾಸಾಯಿತಲ್ಲ ಎಂಬ ಕೊರಗಿರಬೇಕೆಂದು ಕಾಲೆಳೆಯಲು ಹೋದೆ.

“ಹಂಗಲ್ರಿ,” ಎಂದರು. “ಇದರ ಹಿಂದಿನ ಬಿಲ್ಡಿಂಗಿನ ಕ್ಯೂಬೂ ನಾನ ತುಂಬೀನಿ. ಅಲ್ಲೆ ಯಾರೂ ಕೋರ್ ತಗದಿಲ್ಲ. ಫಸ್ಟ್ ಕ್ಲಾಸ್ ರಿಸಲ್ಟ್ ಬಂದದ ಅಂತ ನನ್ನ ಮಗಳಿಗೆ ಅಲ್ಲೇ ಬಾಡಗಿ ಮನಿ ಹಿಡಿಸೀನಿ.”

ಎಷ್ಟನೇ ಮಹಡಿ ಎಂದು ಕೇಳಿದೆ.

“ಮೂರನೇದು. ಮ್ಯಾಲ ಇನ್ನ ಎಂಟ ಅದಾವ್ರಿ.”

ತಾವೇ ಬರೆದುಕೊಟ್ಟ ಸುಳ್ಳು ಸರ್ಟಿಫಿಕೇಟು ನಂಬಿ ಕಾಕಾ ಮಗಳ ಸಂಸಾರ ಹೂಡಿದ್ದರು.

ಭಾನುವಾರ ರಿಬೌಂಡ್ ಹ್ಯಾಮರನ್ನು ಚೀಲದಲ್ಲಿಟ್ಟುಕೊಂಡು ಇಬ್ಬರೂ ಆ ಕಟ್ಟಡಕ್ಕೆ ಹೋದೆವು. ಗೋಡೆಗೆ ಒತ್ತಿದರೆ ಒಳಗಿನ ಸ್ಪ್ರಿಂಗು ಪುಟಿದು ಕಾಂಕ್ರೀಟು ಎಷ್ಟು ಗಟ್ಟಿ ಎಂದು ಅಂದಾಜು ಹೇಳುವ ಉಪಕರಣ ಅದು. ವಾಚ್‌ಮನ್ ಕಾಕಾನ ಹಳೆಯ ಪರಿಚಯ, ಪ್ಲಾಸ್ಟರು ಬೀಳದ ಪಾರ್ಕಿಂಗಿನ ಕಂಬಗಳಿಗೆ ಬಿಟ್ಟ. ಪ್ರತಿ ಕಂಬಕ್ಕೂ ಒಂಬತ್ತು ಹತ್ತು ಸಲ ಒತ್ತಿ ನೋಡಿದೆ. ಅಂಕಿಗಳು ಚೆನ್ನಾಗಿಯೇ ಬಂದವು. ಇದು ಬರೀ ಅಂದಾಜು, ಆದರೂ ಹೆದರುವಂಥದ್ದೇನೂ ಕಾಣುತ್ತಿಲ್ಲ ಎಂದು ಸಾರಿ ಸಾರಿ ಹೇಳಿದೆ. ಕಾಕಾ ತಲೆಯಾಡಿಸಿದರು, ಮುಖ ಒರೆಸಿಕೊಂಡರು, ಪೂರಾ ಒಪ್ಪಿದವರಂತೆ ಲಿಫ್ಟಿನಲ್ಲಿ ಮಗಳ ಮನೆಗೆ ಕರೆದೊಯ್ದರು.

ಮಗಳು ಅವಲಕ್ಕಿ ತಂದಿಟ್ಟಳು. ಕಾಕಾ ಎರಡು ತುತ್ತು ತಿಂದು ತಟ್ಟೆ ಕೆಳಗಿಟ್ಟರು. ಎದ್ದು ಹೋಗಿ, ಕೋಣೆಯ ನಟ್ಟನಡುವೆ, ಸ್ಲ್ಯಾಬು ಬಗ್ಗಿದರೆ ಮೊದಲು ಬಗ್ಗುವ ಜಾಗದಲ್ಲಿ ಇದ್ದ ಕಬ್ಬಿಣದ ಮಂಚವನ್ನು ಒಬ್ಬರೇ ದರದರ ಎಳೆದು ಮೂಲೆಯ ಕಂಬಕ್ಕೆ ತಗುಲಿಸಿ ಹಾಕಿದರು. ಯಾಕಪ್ಪಾ ಎಂದು ಮಗಳು ಕೇಳಿದಳು.

“ಇಲ್ಲೇ ಚಂದ ಕಾಣತದವಾ,” ಎಂದು ಹೇಳಿ, ಕಪಾಟಿನ ಕಡೆ ನಡೆದರು.