ಮಂಗಳವಾರದ ಕಾಕಾ

ಗೆಳೆಯರೇ, ಗೋಕಾಕದ ಬಾಡಿಗೆ ಮನೆಯಲ್ಲಿ ನನ್ನ ಜೊತೆಗಿರುವ ಮಲ್ಲುವಿನ ತುಕ್ಕಾನಟ್ಟಿ ಊರಿನ ಬಳಗ ವಾರಕ್ಕೆ ಮೂರು ರಾತ್ರಿ ಇಲ್ಲೇ ಮಲಗುತ್ತದೆ. ಇವತ್ತು ಬೆಳಿಗ್ಗೆ ಧೈರ್ಯ ಮಾಡಿ ಹೇಳಿಯೇಬಿಟ್ಟೆ.

"ಮಲ್ಲು, ಸಿಟ್ಟಾಗಬ್ಯಾಡ. ಟಾವೆಲ್ ಸುತ್ತಿಕೊಂಡು ಬಚ್ಚಲದಿಂದ ಬಂದ್ರ ಎದುರಿಗೆ ಹೊಸಾ ಮಂದಿ ಕುಂತಿರ್ತಾರ. ನನಗ ಮುಜುಗರ ಆಗ್ತೈತಿ. ವಾರಕ್ಕ ಒಂದ ರಾತ್ರಿ ಸಾಕು, ಅದೂ ಮೊದಲ ಹೇಳು."

"ಆತು ಬಿಡಪಾ. ಆದ್ರ ಪ್ರತಿ ಮಂಗಳವಾರ ಬಂದು ಮಲಗೋ ನಿಮ್ಮ ಕಾಕಾಗೂ ಹೇಳು."

"ನಮ್ಮ ಕಾಕಾ? ಅವ್ರು ನಿಮ್ಮವರಲ್ಲೇನು?"

ಇಬ್ಬರೂ ಅಡುಗೆಮನೆಯತ್ತ ತಿರುಗಿದೆವು. ಕಾಕಾ ಚಹಾ ಸೋಸುತ್ತಿದ್ದರು.

"ನಿಮಗಿಂತ ಮೊದಲ ಇಲ್ಲಿ ಬಾಡಿಗಿಗೆ ಇದ್ದನಲ್ರಿ, ಅವನ ಕಾಕಾ ನಾ."

ಆರು ತಿಂಗಳು ಊಟ ಬಡಿಸಿದ್ದೇವೆ! ಬಂದವರನ್ನು ಯಾರೆಂದು ಕೇಳುವುದು ಮರ್ಯಾದೆಯಲ್ಲವೆಂದು ಇಬ್ಬರೂ ಕೇಳಿರಲಿಲ್ಲ.

ಹೊಸ ನಿಯಮವನ್ನು ಮೊದಲು ಪಾಲಿಸಿದವರೂ ಅವರೇ: "ಮುಂದಿನ ಮಂಗಳವಾರ ಬರ್ತೇನ್ರಿ. ಈಗ ಹೇಳೇನಿ ನೋಡ್ರಿ."