ಪತ್ರದ ಜೊತೆಗಿದ್ದ ಪಟ್ಟಿ

ಎಂಬತ್ತರ ದಶಕದಲ್ಲಿ ನಾನು ಬೆಳಗಾವಿಯ ಹಂಚಿನ ಕಂಪನಿಯೊಂದರಲ್ಲಿ ಟೈಪಿಸ್ಟ್ ಆಗಿದ್ದೆ. ಹೇಳದೆ ಕೇಳದೆ ಗೈರಾಗುತ್ತಿದ್ದ ಖಾನಾಪುರದ ಮಾರಾಟವನ್ನಷ್ಟೇ ನೋಡಿಕೊಳ್ಳುತ್ತಿದ್ದ ಪ್ರತಿನಿಧಿಯನ್ನು ಮಾಲೀಕರು ಕೆಲಸದಿಂದ ತೆಗೆದರು. ನೇಮಕಾತಿ ಕರಾರಿನಂತೆ ಕಂಪನಿಯ ಗುಟ್ಟು ಹೊರಗೆ ಬಿಡಬಾರದು, ಒಂದು ವರ್ಷ ನಮ್ಮ ಗಿರಾಕಿಗಳನ್ನೂ ನೌಕರರನ್ನೂ ಸೆಳೆಯಬಾರದು ಎಂದು ವಜಾಪತ್ರದಲ್ಲಿ ನೆನಪಿಸಿದೆವು. ಯಾರ ಹತ್ತಿರ ಹೋಗಬಾರದೆಂದು ಅವನಿಗೆ ತಿಳಿಯಲೆಂದು, ಎಲ್ಲ ಗಿರಾಕಿಗಳ ಪಟ್ಟಿಯನ್ನೂ ಜೊತೆಗಿಡಲು ಮಾಲೀಕರು ಹೇಳಿದರು.

"ಸಾಹೇಬ್ರ, ಈ ಪಟ್ಟೀನ ಗುಟ್ಟಲ್ಲೇನ್ರಿ?" ಎಂದೆ.

"ನೀವು ಟೈಪ್ ಮಾಡ್ರಿ."

ಪತ್ರ ಒಯ್ಯಲು ಆ ಪ್ರತಿನಿಧಿ ಬಂದು, ಕುಳಿತು, ಪಟ್ಟಿಯನ್ನು ಪೂರ್ತಿ ಓದಿದ. "ಗೋವಾದಾಗೂ ನಮ್ಮ ಗಿರಾಕಿ ಅದಾರೇನ್ರಿ? ನನಗ ಗೊತ್ತ ಇರಲಿಲ್ಲ!"

ಮಾಲೀಕರು ಪಟ್ಟಿಯನ್ನು ಕಸಿದುಕೊಂಡರು. ಚಹಾ ತರಿಸಿ, ಓದಿದ್ದನ್ನು ಮರೆತುಬಿಡು ಎಂದು ಬೇಡಿಕೊಂಡರು. ಕೆಲಸ ಕಳೆದುಕೊಂಡವನೇ ಅವರನ್ನು ಸಮಾಧಾನಪಡಿಸಿದ: "ಚಿಂತಿ ಮಾಡಬ್ಯಾಡ್ರಿ ಸಾಹೇಬ್ರ, ಯಾರ ಮುಂದೂ ಹೇಳಂಗಿಲ್ಲ."